ಹೊಳೆಯನ್ನರಿಯದ ದಾರಿ

ಪಾರ್ಸೆಲ್ ಹಂಚುವ ತಮ್ಮನಿಗಾಗಿ ಕಳೆದ ರಜೆಯಲ್ಲಿ ಪುಟ್ಟದೊಂದು ಆ್ಯಪ್ ರಚಿಸಿದೆ. ದಿನಕ್ಕೆ ಹನ್ನೆರಡು ಮನೆಗಳು. ಅವುಗಳ ಸರದಿಗಳನ್ನೆಲ್ಲ ಪರೀಕ್ಷಿಸಹೊರಟರೆ 47 ಕೋಟಿಗೂ ಮಿಗಿಲು; ಆದುದರಿಂದ ಇದ್ದಲ್ಲಿಂದ ಅತಿ ಸಮೀಪದ ಮನೆಗೆ ಹೋಗುವ ಸರಳ ನಿಯಮವನ್ನು ಅಳವಡಿಸಿದೆ. ಮೊದಲ ದಿನವೇ ಅದು ಅವನನ್ನು ತಳಂಗರೆಯಿಂದ ಕೀಳೂರಿಗೆ ಕಳುಹಿಸಿತು. ನಡುವೆ ಚಂದ್ರಗಿರಿ ಹೊಳೆ! ನಾನು ಲೆಕ್ಕಕ್ಕೆ ಕೊಟ್ಟಿದ್ದುದು ಹಕ್ಕಿ ಹಾರುವ ದೂರ. ಸೇತುವೆ ಸುತ್ತಿ ಹೋದ ತಮ್ಮ ಮತ್ತೆ ಈ ದಡಕ್ಕೆ ಬಂದು ಉಳಿದ ಮನೆಗಳನ್ನು ಮುಗಿಸುವಾಗ ಇರುಳಾಗಿತ್ತು. ಔಷಧಿಗಾಗಿ ಕಾದು ಕುಳಿತಿದ್ದ ಅಜ್ಜಿ ಏನೆಂದರೆಂಬುದನ್ನು ಅವನು ನನಗೆ ಹೇಳಲೇ ಇಲ್ಲ.

ಬಳಿಕ ಕವಲುಗಳನ್ನು ಬಿಂದುಗಳಾಗಿಯೂ ರಸ್ತೆಗಳನ್ನು ಅವನ್ನು ಕೂಡಿಸುವ ಗೆರೆಗಳಾಗಿಯೂ ಬರೆದು, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮದಿಂದ ಪ್ರತಿ ಎರಡು ಮನೆಗಳ ನಡುವಣ ರಸ್ತೆಯ ದೂರವನ್ನು ಕಂಡುಕೊಂಡೆ. ಕೀಳೂರು ತನ್ನ ದಡಕ್ಕೆ ಸರಿಯಿತು. ಆದರೂ ಸಮೀಪದ್ದನ್ನೇ ಹಿಡಿಯುವ ಲೋಭದಿಂದ ನಡುವೆ ಒಂದು ಮನೆ ಉಳಿದು, ಕೊನೆಗೆ ಅದಕ್ಕಾಗಿಯೇ ಮರಳಬೇಕಾಗುತ್ತಿತ್ತು. ಆಗ ಸರದಿಯ ಒಂದೊಂದು ತುಂಡನ್ನು ಹಿಂದುಮುಂದಾಗಿ ತಿರುಗಿಸಿ, ಒಟ್ಟು ದೂರ ಇಳಿದರೆ ಮಾತ್ರ ಆ ಬದಲಾವಣೆಯನ್ನು ಇರಿಸಿಕೊಂಡೆ. ಯಾವ ತಿರುವಿನಿಂದಲೂ ಇಳಿಯದಾದಾಗ ನಿಲ್ಲಿಸಿದೆ. ಇದೇ ಅತ್ಯಂತ ಕಿರಿದಾದ ದಾರಿಯೆಂದು ಹೇಳಲಾರೆ. ಔಷಧಿಯ ಮನೆಯನ್ನಂತೂ ಈಗ ಮೊದಲಿಗೇ ಇಟ್ಟು, ಉಳಿದವುಗಳನ್ನಷ್ಟೇ ತಿರುಗಿಸುತ್ತೇನೆ.