ಮೇಡಂ, ಹದಿನೈದು ನಿಮಿಷ ಬೇಕಿತ್ತು

2023ರ ಬರ ನಿಮಗೆಲ್ಲ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ತುಮಕೂರು ಜಿಲ್ಲೆಯ ನಮ್ಮ ಊರಲ್ಲೂ ಕಡ್ಲೆಕಾಯಿ ಗಿಡ ಹೂವಿಗೆ ಬರುವ ಹೊತ್ತಿಗೇ ಒಣಗಿ ನಿಂತಿತ್ತು. ಮುಂದಿನ ವರ್ಷ ಮೇ ತಿಂಗಳಲ್ಲಿ ಬೆಳೆ ಪರಿಹಾರ ಬಂತು. ಅಕ್ಕಪಕ್ಕದ ಹೊಲದವರ ಫೋನು ಒಂದೊಂದಾಗಿ ಸದ್ದು ಮಾಡಿದವು. ನಮ್ಮ ದೊಡ್ಡಮ್ಮನ ಫೋನು ಮಾತ್ರ ಸುಮ್ಮನಿತ್ತು.

ದೊಡ್ಡಮ್ಮನಿಗೆ ಇರುವುದು ಎರಡು ಎಕರೆ ಖುಷ್ಕಿ. ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಲೆಕ್ಕ ಇತ್ತು. ಎರಡು ಎಕರೆ ಅಂದರೆ ಒಂದು ಹೆಕ್ಟೇರಿಗೂ ಕಡಿಮೆ, ಸುಮಾರು 6,800 ರೂಪಾಯಿ ಆಗುತ್ತಿತ್ತು. ಆ ದುಡ್ಡನ್ನು ನಂಬಿಕೊಂಡು ಬೀಜಕ್ಕೆ ಸಾಲ ಹೇಳಿಟ್ಟಿದ್ದಳು. "ನೀನು ಪೇಪರ್‌ನೋನಲ್ವ ಮಗಾ, ತಹಶೀಲ್ದಾರ್‌ನ ಒಂದು ಮಾತು ಕೇಳು" ಅಂದಳು. ಪತ್ರಿಕೋದ್ಯಮ ಓದಿದವನು ಮನೆಯಲ್ಲಿದ್ದರೆ ಎಲ್ಲ ಸಾಹೇಬರೂ ಅವನಿಗೆ ಪರಿಚಯ ಅಂತ ಮನೆಯವರ ನಂಬಿಕೆ.

ನಾನು ಮೇಡಂಗೆ ಕಳಿಸಿದ ಮೊದಲ ವಾಟ್ಸ್ಯಾಪ್ ಹೀಗಿತ್ತು: "ನಮಸ್ತೆ ಮೇಡಂ, ತಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು. ಯಾವಾಗ ಫ್ರೀ ಇರ್ತೀರಿ?" ಎರಡು ನೀಲಿ ಗೆರೆ ಬಿದ್ದವು. ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ತಾಲ್ಲೂಕು ಕಚೇರಿಗೆ ಹೋದೆ. ಕೋರ್ಟ್ ನಡೆಯುತ್ತಿತ್ತು, ಸಂಜೆವರೆಗೆ ಕೂತು ಬಂದೆ. ಇನ್ನೊಂದು ದಿನ ಜೀಪು ಹತ್ತುವ ಹೊತ್ತಿಗೆ ಅಡ್ಡ ನಿಂತು "ಒಂದೈದು ನಿಮಿಷ ಮೇಡಂ" ಅಂದೆ. "ಡಿಸಿ ಮೀಟಿಂಗ್ ಇದೆ, ಆಮೇಲೆ ಬನ್ನಿ" ಅಂದು ಹೊರಟೇಬಿಟ್ಟರು. ನನಗೆ ಕೆಂಡದಂಥ ಸಿಟ್ಟು. ಬಡವರ ಮಾತು ಕೇಳುವವರಿಲ್ಲ ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತು ಬರಹದ ಮೊದಲ ಸಾಲು ಯೋಚಿಸತೊಡಗಿದೆ.

ಬಾಗಿಲ ಹತ್ತಿರ ಕೂರುವ ಹಳೆಯ ಜವಾನರೊಬ್ಬರು ನನ್ನನ್ನು ಮೂರು ದಿನದಿಂದ ನೋಡುತ್ತಿದ್ದರು. "ಏನಪ್ಪ, ಯಾವ ಕೆಲಸಕ್ಕೆ ಬಂದಿದ್ದು ನೀನು?" ಅಂದರು. ಹೇಳಿದೆ. "ಇದನ್ನ ಮೇಡಮ್ಮೋರಿಗೆ ಹೇಳಿದ್ಯಾ?" ಅಂದರು. ಹೇಳಿರಲಿಲ್ಲ. "ನೋಡು, ಐದು ನಿಮಿಷ ಅಂತ ಒಳಗೆ ಹೋದೋರು ಮುಕ್ಕಾಲು ಗಂಟೆ ಈಚೆಗೆ ಬರಲ್ಲ. ಯಾಕೆ ಬಂದೆ ಅಂತ ಹೇಳದೆ ಇರೋನು ಏನೋ ವಶೀಲಿ ಕೇಳೋಕೇ ಬಂದಿದಾನೆ ಅಂತ ಅವರು ಅಂದ್ಕೋತಾರೆ. ಇಷ್ಟು ಹೊತ್ತು, ಇಂಥ ಕೆಲಸ ಅಂತ ಹೇಳಿ ಕೇಳು."

ಬಸ್ಸಲ್ಲಿ ಬರುತ್ತಾ ಯೋಚಿಸಿದೆ. ನಮ್ಮ ಮಾತಲ್ಲಿ "ಒಂದೈದು ನಿಮಿಷ" ಅನ್ನುವುದು ಲೆಕ್ಕವೇ ಅಲ್ಲ. ಬಸ್ ಇನ್ನೊಂದೈದು ನಿಮಿಷಕ್ಕೆ ಬರುತ್ತೆ ಅಂತೀವಿ, ಅಡುಗೆ ಐದು ನಿಮಿಷ ಅಂತೀವಿ. ಹೇಳುವವನೂ ನಂಬುವುದಿಲ್ಲ, ಕೇಳುವವನೂ ನಂಬುವುದಿಲ್ಲ. ಆದರೆ "ಹದಿನೈದು ನಿಮಿಷ" ಅಂದರೆ ಅದು ಎಣಿಸಿದ ಹೊತ್ತು. ಎರಡು ಮೀಟಿಂಗ್ ನಡುವೆ ಕೂರಿಸಬಹುದಾದಷ್ಟು ಚಿಕ್ಕದು. ಒಂದು ವಿಷಯವನ್ನು ಕಾಗದ ಬಿಚ್ಚಿ ನೋಡಿ ಮುಗಿಸುವಷ್ಟು ದೊಡ್ಡದು.

ಕೆಲಸ ಬಾಯಿಬಿಟ್ಟು ಹೇಳದೆ ಇರುವುದೂ ನಮ್ಮ ಊರಿನ ಮರ್ಯಾದೆಯೇ. ಯಾರ ಮನೆಗೆ ಸಾಲ ಕೇಳಲು ಹೋದರೂ ಮೊದಲು ಮಳೆ ವಿಚಾರ, ಆಮೇಲೆ ಮಕ್ಕಳ ವಿಚಾರ, ಕಾಫಿ ಕುಡಿದು ಎದ್ದು ಹೊಸಿಲು ದಾಟುವಾಗ "ಅಂದ ಹಾಗೆ…" ಅಂತ ತೆಗೆಯುತ್ತೇವೆ. ಜಗಲಿ ಮೇಲೆ ಅದು ಸರಿ, ಅಲ್ಲಿ ಇಬ್ಬರಿಗೂ ಹೊತ್ತಿರುತ್ತದೆ. ದಿನಕ್ಕೆ ನೂರು ಜನ ಬರುವ ಮೇಜಿನ ಮುಂದೆ ಅದೇ ಮರ್ಯಾದೆ ಅನುಮಾನಕ್ಕೆ ದಾರಿ ಮಾಡುತ್ತದೆ.

ಅವತ್ತು ರಾತ್ರಿ ಮೆಸೇಜ್ ಬರೆಯಲು ಕೂತೆ. ಮೊದಲ ಸಲ ಬರೆದದ್ದರಲ್ಲಿ ನಾಲ್ಕು ವಿಷಯ ಇದ್ದವು: ದೊಡ್ಡಮ್ಮನ ಪರಿಹಾರ, ಹೋಬಳಿಯಲ್ಲಿ ಎಷ್ಟು ಜನಕ್ಕೆ ಬಂದಿಲ್ಲ ಅನ್ನೋ ಪಟ್ಟಿ, ಸ್ಮಶಾನದ ಜಾಗ, ಕೊನೆಗೆ ಒಂದು ಸಂದರ್ಶನ. ಹದಿನೈದು ನಿಮಿಷ ಅಂತ ಮೇಲೆ ಬರೆದ ಮೇಲೆ ಇವೆಲ್ಲ ಅದರಲ್ಲಿ ಹಿಡಿಯಲಿಲ್ಲ. ಒಂದೊಂದೇ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು:

"ನಮಸ್ತೆ ಮೇಡಂ. ನಾನು ಇಂಥ ಊರಿನವನು, ಗ್ರಾಮೀಣ ವರದಿಗಾರ. ನಮ್ಮ ದೊಡ್ಡಮ್ಮನ ಎರಡು ಎಕರೆಗೆ 2023ರ ಮುಂಗಾರಿನ ಬೆಳೆ ಪರಿಹಾರ ಬಂದಿಲ್ಲ. ಪಕ್ಕದ ಸರ್ವೆ ನಂಬರಿನವರಿಗೆ ಬಂದಿದೆ. ಯಾವ ಕಾರಣಕ್ಕೆ ನಿಂತಿದೆ, ಮುಂದೆ ಏನು ಮಾಡಬೇಕು ಅಂತ ತಿಳಿಯಲು ತಮ್ಮ ಹದಿನೈದು ನಿಮಿಷ ಬೇಕು. ಇದು ಮನೆಯ ಕೆಲಸ, ಸುದ್ದಿಗಲ್ಲ. ಬುಧ, ಗುರು, ಶುಕ್ರ ಯಾವಾಗ ಕರೆದರೂ ಬರುತ್ತೇನೆ. ಪಹಣಿ, ಆಧಾರ್, ಪಾಸ್‌ಬುಕ್ ತರುತ್ತೇನೆ." ಕೆಳಗೆ ಸರ್ವೆ ನಂಬರು, ಪಹಣಿಯಲ್ಲಿರುವ ಹೆಸರು ಹಾಕಿದೆ.

"ಸುದ್ದಿಗಲ್ಲ" ಅನ್ನುವ ಮಾತನ್ನು ಬರೆದು ಎರಡು ಸಲ ಅಳಿಸಿದೆ. ವರದಿಗಾರ ಅಂದರೆ ಬೇಗ ಕರೆಯುತ್ತಾರೆ, ಅದನ್ನು ಯಾಕೆ ಬಿಡಬೇಕು ಅನ್ನಿಸಿತ್ತು. ಆದರೆ ಒಂದು ಹೇಳಿ ಇನ್ನೊಂದು ಮಾಡಿದರೆ ಆಮೇಲೆ ನಿಜವಾಗಿ ಸುದ್ದಿಗೆ ಹೋದಾಗ ಯಾರು ನಂಬುತ್ತಾರೆ? ಉಳಿಸಿಕೊಂಡೆ.

ಮಾರನೇ ದಿನ ಮಧ್ಯಾಹ್ನ ಉತ್ತರ ಬಂತು. "ಗುರುವಾರ 3.15." ಅಷ್ಟೇ.

ಗುರುವಾರ ಮೂರು ಗಂಟೆಗೇ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಕರೆದದ್ದು 3.25ಕ್ಕೆ. ಒಳಗೆ ಹೋದಾಗ ನನಗೆ ಆಶ್ಚರ್ಯ. ಪರಿಹಾರದ ವಿಷಯ ನೋಡುವ ಕೇಸ್ ವರ್ಕರ್ ಒಂದು ಹಾಳೆ ಹಿಡಿದು ಆಗಲೇ ನಿಂತಿದ್ದರು. ನಾನು ಸರ್ವೆ ನಂಬರು ಕೊಟ್ಟಿದ್ದರಿಂದ ಮೇಡಂ ಮೊದಲೇ ನೋಡಿಸಿಟ್ಟಿದ್ದರು. ನನ್ನ ಮೊದಲ ಮೆಸೇಜಿನಲ್ಲಿ ಅವರು ನೋಡಿಸಿಡಲು ಏನಿತ್ತು? ಏನೂ ಇರಲಿಲ್ಲ. ಕೆಲಸ ಏನು ಅಂತ ಮೊದಲೇ ಹೇಳುವುದರ ದೊಡ್ಡ ಲಾಭ ಇದು. ಅರ್ಧ ಕೆಲಸ ನಾವು ಹೋಗುವ ಮುಂಚೆಯೇ ಆಗಿರುತ್ತದೆ.

ಕಾರಣ ಮೂರು ನಿಮಿಷಕ್ಕೆ ತಿಳಿಯಿತು. ಪಹಣಿ ಇನ್ನೂ ದೊಡ್ಡಪ್ಪನ ಹೆಸರಲ್ಲಿತ್ತು. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ. ಪರಿಹಾರ ಹೋಗುವುದು ಫ್ರೂಟ್ಸ್ ತಂತ್ರಾಂಶದಲ್ಲಿರುವ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ನೋಡಿಕೊಂಡು, ಅದಕ್ಕೆ ಸೇರಿಸಿದ ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆಗೆ. ಆ ಜಮೀನಿನ ಎಫ್‌ಐಡಿ ದೊಡ್ಡಪ್ಪನದು, ಆಧಾರ್ ದೊಡ್ಡಪ್ಪನದು, ಖಾತೆ ಮುಚ್ಚಿ ಹೋಗಿತ್ತು. ದೊಡ್ಡಮ್ಮ ಬಿತ್ತಿದ್ದು ನಿಜ, ಒಣಗಿದ್ದು ನಿಜ, ಆದರೆ ಕಂಪ್ಯೂಟರಿನಲ್ಲಿ ಆ ಹೊಲಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ.

ಉಳಿದ ಹೊತ್ತು ಎರಡನೇ ಪ್ರಶ್ನೆಗೆ ಹೋಯಿತು. ಮೊದಲು ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ. ತಕರಾರಿಗೆ ಕೊಟ್ಟ ದಿನ ಮುಗಿದು ಪಹಣಿಗೆ ದೊಡ್ಡಮ್ಮನ ಹೆಸರು ಬಂದ ಮೇಲೆ ಅವಳ ಹೆಸರಿನ ಎಫ್‌ಐಡಿಗೆ ಈ ಸರ್ವೆ ನಂಬರು ಸೇರಿಸಬೇಕು. ಆಮೇಲೆ ಅವಳ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಬೇಕು. ಕೇಸ್ ವರ್ಕರ್ ಹೇಳುತ್ತಾ ಹೋದರು, ನಾನು ಬರೆದುಕೊಂಡು ಕೊನೆಗೆ ಒಂದು ಸಲ ಓದಿ ಹೇಳಿದೆ. ಒಂದು ಕಡೆ ತಪ್ಪು ಬರೆದಿದ್ದೆ. ತಿದ್ದಿದರು.

ಗೋಡೆ ಗಡಿಯಾರದಲ್ಲಿ 3.39 ಆಗಿತ್ತು. ಸ್ಮಶಾನದ ಜಾಗದ ಮಾತು ನಾಲಿಗೆ ತುದಿಗೆ ಬಂತು. ಹೇಗೂ ಒಳಗಿದ್ದೇನೆ, ಮೇಡಂ ಸಮಾಧಾನದಲ್ಲಿದ್ದಾರೆ. ನುಂಗಿಕೊಂಡೆ. "ಹೇಳಿದ ಹೊತ್ತು ಆಯ್ತು ಮೇಡಂ, ಬರ್ತೀವಿ" ಅಂತ ಎದ್ದೆ. ದೊಡ್ಡಮ್ಮ ಕೈ ಮುಗಿದಳು. ಮೇಡಂ ತಾವೇ "ಪೌತಿ ಅರ್ಜಿ ಎಲ್ಲಾದರೂ ನಿಂತರೆ ಮೆಸೇಜ್ ಹಾಕಿ" ಅಂದರು. ನಾನಿನ್ನೂ ಕೂತು ಸ್ಮಶಾನದ ಮಾತು ತೆಗೆದಿದ್ದರೆ ಈ ಮಾತು ಬರುತ್ತಿತ್ತೋ ಇಲ್ಲವೋ.

ಬರುತ್ತಿರಲಿಲ್ಲ ಅನ್ನುವುದಕ್ಕೆ ನನ್ನದೇ ಒಂದು ಸಾಕ್ಷಿ ಇದೆ. ಅದಾಗಿ ಎರಡು ತಿಂಗಳಿಗೆ ಒಬ್ಬ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೀಗೇ ಹದಿನೈದು ನಿಮಿಷ ಕೇಳಿ ಹೋಗಿದ್ದೆ. ಮಾತು ಚೆನ್ನಾಗಿ ಕುದುರಿತು. ಅವರು ಎರಡು ಸಲ ಗಡಿಯಾರ ನೋಡಿದರು, ಒಂದು ಸಲ ಪೆನ್ನಿನ ಮುಚ್ಚಳ ಹಾಕಿಟ್ಟರು. ನನಗೆ ಕಂಡರೂ ಕಾಣದವನಂತೆ ಐವತ್ತು ನಿಮಿಷ ಕೂತೆ. ಅವತ್ತು ಅವರು ಏನೂ ಅನ್ನಲಿಲ್ಲ. ಆಮೇಲೆ ನನ್ನ ಫೋನು ಎತ್ತಲಿಲ್ಲ. ಹೇಳಿದ ಹೊತ್ತು ಮೀರುವುದು ಸಾಲ ತಗೊಂಡು ತೀರಿಸದೆ ಇದ್ದ ಹಾಗೆ. ಇನ್ನೂ ಬೇಕಾದರೆ ಹದಿನೈದನೇ ನಿಮಿಷಕ್ಕೆ ಎದ್ದು ನಿಂತು "ಇನ್ನೊಂದು ದಿನ ಬರಲಾ?" ಅಂತ ಕೇಳಬೇಕು. ಕೂತುಕೊಳ್ಳಿ ಅಂತ ಅವರೇ ಹೇಳಿದರೆ ಆ ಮಾತು ಬೇರೆ.

ಎಲ್ಲದಕ್ಕೂ ಹೀಗೆ ಹೊತ್ತು ಕೇಳಬೇಕಾಗಿಲ್ಲ. ಬರೀ ಅರ್ಜಿ ಕೊಡುವುದಾದರೆ ಯಾರ ಭೇಟಿಯೂ ಬೇಡ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬಂದರೆ ಸಾಕು. ಇನ್ನು ಊರಲ್ಲಿ ಈ ರೀತಿ ನಡೆಯುವುದಿಲ್ಲ. ಒಂದು ವರದಿಗೆ ಹಿಟ್ಟಿನ ಗಿರಣಿ ಅಜ್ಜಿಯ ಹತ್ತಿರ ಹೋಗಿ "ಅಜ್ಜಿ, ಹದಿನೈದು ನಿಮಿಷ ಮಾತಾಡ್ಬೇಕು" ಅಂದೆ. "ಆಮೇಲೆ ಎಲ್ಲಿಗೆ ಓಡ್ಬೇಕು ನೀನು? ಕೂತ್ಕೋ" ಅಂದಳು. ಅಲ್ಲಿ ಹೊತ್ತು ನೋಡಿದರೆ ಅವಮಾನ.

ದೊಡ್ಡಮ್ಮನ ಕಥೆ ಹೇಳಿ ಮುಗಿಸುತ್ತೇನೆ. ಆ ವರ್ಷದ 6,800 ರೂಪಾಯಿ ಬರಲೇ ಇಲ್ಲ. ಬೀಜದ ಸಾಲವನ್ನು ಎರಡು ಕುರಿ ಮಾರಿ ತೀರಿಸಿದಳು. ಪೌತಿ ಖಾತೆ ಆಗಿ ಪಹಣಿಯಲ್ಲಿ ಅವಳ ಹೆಸರು ಬಂತು, ಎಫ್‌ಐಡಿಗೂ ಸೇರಿತು. ಆ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ನಿಮ್ಮ ಮನೆಯ ಪಹಣಿ ತೀರಿಕೊಂಡವರ ಹೆಸರಲ್ಲೇ ಇದ್ದರೆ ಇವತ್ತೇ ತೆಗೆದು ನೋಡಿ.

ಸ್ಮಶಾನದ ಜಾಗದ ವಿಷಯಕ್ಕೆ ಮೊನ್ನೆ ಹೊಸದಾಗಿ ಮೆಸೇಜ್ ಹಾಕಿದ್ದೇನೆ. ಸರ್ವೆ ನಂಬರು ಬರೆದಿದ್ದೇನೆ, ಈ ಸಲ ಸುದ್ದಿಗೆ ಅಂತಲೂ ಬರೆದಿದ್ದೇನೆ. ಸೋಮವಾರ ಹನ್ನೊಂದೂವರೆಗೆ ಬರಲು ಹೇಳಿದ್ದಾರೆ. ಹದಿನೈದು ನಿಮಿಷ.