ನಿನ್ ಮನೆ ಹಾಳಾಗ

ಮಂಡ್ಯ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. "ನಿನ್ ಮನೆ ಹಾಳಾಗ" ಅನ್ನೋದು ನಮ್ಮಲ್ಲಿ ಶಾಪ ಅಲ್ಲ. ತುಂಬಾ ದಿನ ಆದ ಮೇಲೆ ಸಿಕ್ಕಿದ ನೆಂಟನಿಗೆ, ಚೆನ್ನಾಗಿ ಜೋಕ್ ಹೊಡೆದವನಿಗೆ, ಸಾಲ ವಾಪಸ್ ಕೊಟ್ಟವನಿಗೂ ಹೇಳೋ ಮಾತು. ಯಾವ ಮನೆಯೂ ಇದರಿಂದ ಹಾಳಾಗಿಲ್ಲ. ನಿಜವಾಗಿ ಸಿಟ್ಟು ಬಂದರೆ ನಮ್ಮ ಜನ ಬಹುವಚನಕ್ಕೆ ಬರ್ತಾರೆ. "ತಾವು ದೊಡ್ಡೋರು, ಬುಡಿ" ಅಂದರೆ ಮುಗೀತು, ಆ ಸಂಬಂಧಕ್ಕೆ ಎಳ್ಳುನೀರು.

ನಮ್ಮಪ್ಪನಿಗೂ ಅವನ ಗೆಳೆಯನಿಗೂ ಒಂದನೇ ಕ್ಲಾಸಿಂದ ಬಹುವಚನ ಬಂದಿಲ್ಲ. ಅಪ್ಪ ಉದ್ದಕಾಲಿನವನು, ಹಾಗಾಗಿ ಕೊಕ್ಕರೆ. ಮಾವ (ನಾವು ಮಕ್ಕಳು ಹಾಗೆ ಕರೆಯೋದು) ದುಂಡಗಿದ್ದವರು, ಹಾಗಾಗಿ ಬೋಂಡ. ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡ್ ಎದುರಿನ ಹೋಟ್ಲಲ್ಲಿ ಇಬ್ಬರ ಕಾಫಿ. ಅಲ್ಲಿ ನಡೀತಿದ್ದ ಸಂಭಾಷಣೆ ವರ್ಷಗಟ್ಟಲೆ ಬದಲಾಗಿಲ್ಲ.

"ಇನ್ನೂ ಸತ್ತಿಲ್ವೇನ್ಲಾ ಬೋಂಡ?"

"ನಿನ್ ತಿಥಿ ಊಟ ಉಂಡೇ ಸಾಯದು ಕಣ್ಲಾ ಕೊಕ್ಕರೆ. ನಿನ್ ಮನೆ ಹಾಳಾಗ."

ಆಮೇಲೆ ಇಬ್ಬರೂ ಕೂತು ಪೇಪರ್ ಓದ್ತಿದ್ರು. ಅಷ್ಟೇ. ಬೇರೆ ಮಾತು ಹೆಚ್ಚು ಆಡಿದ್ದನ್ನ ನಾನು ಕಂಡಿಲ್ಲ.

ರ‍್ಯಾಡ್‌ಕ್ಲಿಫ್-ಬ್ರೌನ್ ಅನ್ನೋ ಮಾನವಶಾಸ್ತ್ರಜ್ಞ 1940ರಲ್ಲಿ ಇಂಥ ಸಂಬಂಧಗಳ ಬಗ್ಗೆ ಒಂದು ಲೇಖನ ಬರೆದ. ಒಬ್ಬ ರೇಗಿಸಬಹುದು, ಬೈಯಬಹುದು. ಇನ್ನೊಬ್ಬ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಇದು ಬಾಯಿಗೆ ಬಂದದ್ದಲ್ಲ, ನಿಯಮ ಇರೋ ಆಟ ಅನ್ನೋದು ಅವನ ಮಾತಿನ ಸಾರ. ನಮ್ಮ ಭಾವ-ಭಾಮೈದಂದಿರಿಗೆ ಇದನ್ನ ಯಾರೂ ಲೇಖನ ಬರೆದು ಹೇಳಬೇಕಾಗಿರಲಿಲ್ಲ. ಆದರೆ ಆ "ನಿಯಮ" ಅನ್ನೋ ಮಾತು ಮುಂದೆ ನಮ್ಮ ಉಪಯೋಗಕ್ಕೆ ಬಂತು.

ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಕೇಳಿದ, ಇನ್ನೂ ಸತ್ತಿಲ್ವೇನ್ಲಾ ಅಂತ. ಮಾವ ಉತ್ತರ ಕೊಡಲಿಲ್ಲ. ಅಪ್ಪನ ಮುಖ ನೋಡಿದರು, ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಹೋಟ್ಲಿನ ಹುಡುಗ "ಯಜಮಾನ್ರು ಯಾಕೋ ಕ್ವಾಪ ಮಾಡ್ಕೊಂಡವ್ರೆ" ಅಂದನಂತೆ. ಅಪ್ಪ ಹಾಗೆ ಅಂದುಕೊಳ್ಳಲಿಲ್ಲ. ಬೈಗುಳ ತಿರುಗಿ ಕೊಡದೆ ಇಟ್ಟುಕೊಳ್ಳೋ ಮನುಷ್ಯ ಅಲ್ಲ ಅವನು ಅನ್ನೋದು ಅಪ್ಪನಿಗೆ ಗೊತ್ತಿತ್ತು. ಸರಿಯಾಗಿ ನೋಡಿದರೆ ಲೋಟ ಎಡಗೈಲಿತ್ತು, ಬಲಗೈ ತೊಡೆ ಮೇಲೆ ಸುಮ್ಮನೆ ಬಿದ್ದಿತ್ತು, ಬಾಯಿಯ ಬಲತುದಿಯಿಂದ ಕಾಫಿ ಸೋರಿ ಪಂಚೆ ಮೇಲೆ ಇಳೀತಿತ್ತು.

ಅಪ್ಪ ಮಾಡಿದ ಎರಡು ಕೆಲಸ ಹೇಳಲೇಬೇಕು. ಒಂದು, ನೀರು ಕುಡಿಸೋಕೆ ಬಂದವರನ್ನ ತಡೆದ. ಲಕ್ವ ಹೊಡೆದಾಗ ನುಂಗೋ ಸ್ನಾಯುಗಳೂ ಸೋತಿರಬಹುದು, ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಎರಡು, ಹಾಲಿನವನನ್ನ ಹಿಡಿದು ಕೇಳಿದ: "ನೀನು ಹಾಲು ಹಾಕ್ದಾಗ ಮಾತಾಡಿದ್ನಾ? ಎಷ್ಟೊತ್ತಿಗೆ?" ಐದೂಮುಕ್ಕಾಲಿಗೆ, ಹಾಲಿಗೆ ನೀರು ಬೆರೆಸ್ತೀಯ ಅಂತ ಬೈದಿದ್ದರಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೂ ಇದನ್ನೇ, ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ. ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆದ ಸ್ಟ್ರೋಕ್ ಆದರೆ ಅದನ್ನ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಆದಷ್ಟೂ ಒಳ್ಳೇದು. ಆ ಗಡಿಯಾರ ಶುರುವಾಗೋದು ಮನೆಯವರು ಗಮನಿಸಿದ ಹೊತ್ತಿಂದ ಅಲ್ಲ, ರೋಗಿ ಸರಿಯಾಗಿದ್ದ ಕೊನೆಯ ಹೊತ್ತಿಂದ. ಹೆಪ್ಪೋ, ರಕ್ತಸ್ರಾವವೋ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ, ಸಿಟಿ ಸ್ಕ್ಯಾನ್ ಆಗಲೇಬೇಕು. ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತೆ. ಸ್ಕ್ಯಾನ್ ಆಗಿ ಇಂಜೆಕ್ಷನ್ ಬಿದ್ದಾಗ ಎಂಟೂವರೆ.

ಜೀವ ಉಳೀತು. ಕಾಲಿಗೆ ಬಲ ಬಂತು. ಮಾತು ಬರಲಿಲ್ಲ.

ಇದಕ್ಕೆ ಅಫೇಸಿಯಾ ಅಂತಾರೆ. ಬಹುಪಾಲು ಜನರಲ್ಲಿ ಭಾಷೆ ಮಿದುಳಿನ ಎಡಭಾಗದ ಕೆಲಸ, ಅದೇ ಎಡಭಾಗ ದೇಹದ ಬಲಗಡೆಯನ್ನ ನಡೆಸುತ್ತೆ, ಹಾಗಾಗಿ ಬಲಗೈಯೂ ಮಾತೂ ಒಟ್ಟಿಗೆ ಹೋಗೋದು ಸಾಮಾನ್ಯ. ಮಾವನಿಗೆ ಆದ ಬಗೆಯಲ್ಲಿ ಎದುರಿನವರು ಹೇಳಿದ್ದು ಹೆಚ್ಚೂಕಮ್ಮಿ ಅರ್ಥ ಆಗುತ್ತೆ, ಹೇಳಬೇಕಾದ್ದು ತಲೆಯಲ್ಲಿರುತ್ತೆ, ಪದ ಮಾತ್ರ ಸಿಗಲ್ಲ. ನಾಲಿಗೆ ಬಿದ್ದುಹೋಗಿರೋದಲ್ಲ. ಬಂದ ನೆಂಟರೆಲ್ಲ ಇದನ್ನ ಕಿವುಡು ಅಂದುಕೊಂಡು ಕಿರುಚಿದರು. ಕೆಲವರು ಬುದ್ಧಿ ಹೋಗಿದೆ ಅಂದುಕೊಂಡು ಮಗು ಜೊತೆ ಮಾತಾಡಿದ ಹಾಗೆ ಮಾತಾಡಿದರು. ಅವರ ಮಗ ಸ್ಲೇಟು ತಂದು "ಬರೆದು ತೋರ್ಸಪ್ಪ" ಅಂದ. ಬರೆಯೋದೂ ಭಾಷೆಯೇ. ಮಾತು ಹೋದ ಜಾಗದಲ್ಲೇ ಅದೂ ಹೋಗಿರುತ್ತೆ. ಮಾವ ಎಡಗೈಲಿ ಒಂದು ಗೆರೆ ಎಳೆದು ಸ್ಲೇಟನ್ನ ಮಂಚದ ಕೆಳಗೆ ತಳ್ಳಿದರು.

ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಅಪ್ಪ ಮರ್ಯಾದಸ್ಥ ಆಗಿಬಿಟ್ಟ. ಆಸ್ಪತ್ರೆಯಿಂದ ಮನೆಗೆ ಬಂದವನನ್ನ ಸತ್ತಿಲ್ವೇನ್ಲಾ ಅಂತ ಕೇಳೋದು ಹೇಗೆ? ಹಾಸಿಗೆ ಪಕ್ಕ ಕೂತು, ಹುಟ್ಟಿಟ್ಟ ಹೆಸರು ಹಿಡಿದು, "ಹೆಂಗಿದೀಯಪ್ಪಾ, ಊಟ ಆಯ್ತಾ" ಅಂದ. ಮಾವ ಮುಖ ಗೋಡೆ ಕಡೆ ತಿರುಗಿಸಿಕೊಂಡರು. ನಾಲ್ಕು ದಿನ ಹಾಗೇ. ಅಪ್ಪ ಮನೆಗೆ ಬಂದು ಅಮ್ಮನಿಗೆ "ಅವನು ನನ್ನ ಗುರ್ತೇ ಹಿಡೀತಿಲ್ಲ" ಅಂತಿದ್ದ. ನನಗನ್ನಿಸೋದು, ಮಾವನಿಗೇ ಇವನು ಯಾರೋ ಬೇರೆ ಅನ್ನಿಸಿರಬೇಕು.

ಮಾತಿನ ಚಿಕಿತ್ಸೆಗೆ ವಾರಕ್ಕೆರಡು ಸಲ ಮೈಸೂರು. ಕೇಂದ್ರ ಸರ್ಕಾರದ ವಾಕ್ ಶ್ರವಣ ಸಂಸ್ಥೆ ಅಲ್ಲಿರೋದು 1960ರ ದಶಕದಿಂದ, ಹಾಗಾಗಿ ಈ ವಿಷಯ ಕಲಿತವರು ಆ ಊರಲ್ಲಿ ಸಿಗ್ತಾರೆ. ನಮಗೆ ಸಿಕ್ಕ ಥೆರಪಿಸ್ಟ್ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಮೊದಲ ದಿನ ಮಾವನಿಗೆ ಒಂದು ಪೆನ್ನು ತೋರಿಸಿ ಏನಿದು ಅಂದಳು. ಬರಲಿಲ್ಲ. ಆಮೇಲೆ ತಾನೇ "ಒಂದು, ಎರಡು, ಮೂರು…" ಅಂತ ಶುರುಮಾಡಿ ನಿಲ್ಲಿಸಿದಳು. ಮಾವ "ನಾಕು, ಐದು, ಆರು" ಅಂತ ಹತ್ತರ ತನಕ ಹೋಗಿಬಿಟ್ಟರು! ಮಗ ಕುಣಿದಾಡಿದ. ಅವಳು ಅವನನ್ನ ಕೂರಿಸಿ, ಈಗ ಬರೀ "ಏಳು" ಅನ್ನೋಕೆ ಹೇಳಿ ನೋಡಿ ಅಂದಳು. ಬರಲಿಲ್ಲ.

ಎಣಿಕೆ, ವಾರದ ಹೆಸರು, ದಿನಾ ಹೇಳೋ ಶ್ಲೋಕ, ಬೈಗುಳ — ಇವು ನಾವು ಪದ ಜೋಡಿಸಿ ಕಟ್ಟೋ ಮಾತಲ್ಲ, ಇಡಿಯಾಗಿ ಉರುಳಿ ಬರೋ ಮಾತು. ಇವಕ್ಕೆ ಮಿದುಳಿನ ಬಲಭಾಗದ, ಇನ್ನೂ ಒಳಗಿನ ಭಾಗಗಳ ನೆರವು ಹೆಚ್ಚು ಅಂತ ತಜ್ಞರು ಭಾವಿಸುತ್ತಾರೆ. ಅದಕ್ಕೇ ಎಡಭಾಗ ಕೆಟ್ಟರೂ ಎಷ್ಟೋ ಜನರಲ್ಲಿ ಉಳಿದುಕೊಂಡಿರುತ್ತವೆ. ಇದು ಹೊಸ ವಿಷಯವೇನಲ್ಲ. 1861ರಲ್ಲಿ ಪ್ಯಾರಿಸ್ಸಿನ ಬ್ರೋಕಾ ಅನ್ನೋ ವೈದ್ಯ ನೋಡಿದ ರೋಗಿ ಏನು ಕೇಳಿದರೂ "ತಾನ್, ತಾನ್" ಅಂತಿದ್ದ, ಆಸ್ಪತ್ರೆಯವರು ಅವನಿಗೆ ಅದೇ ಹೆಸರಿಟ್ಟಿದ್ದರು. ತಾನು ಹೇಳಿದ್ದು ಎದುರಿನವರಿಗೆ ಅರ್ಥವಾಗದೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವನ ಬಾಯಿಂದ ಒಂದು ಬೈಗುಳ ಸ್ಪಷ್ಟವಾಗಿ ಬರ್ತಿತ್ತಂತೆ. ಅವನು ಸತ್ತ ಮೇಲೆ ಮಿದುಳು ನೋಡಿಯೇ ಬ್ರೋಕಾ ಮಾತಿನ ಜಾಗ ಇದು ಅಂತ ತೋರಿಸಿದ್ದು.

ಥೆರಪಿಸ್ಟ್ ಅಪ್ಪನ ಕಡೆ ತಿರುಗಿ, "ನೀವಿಬ್ಬರೂ ದಿನಾ ಸಿಕ್ಕಾಗ ಏನು ಹೇಳ್ಕೊತಿದ್ರಿ ಸರ್? ತಪ್ಪದೇ ಹೇಳ್ತಿದ್ದದ್ದು" ಅಂದಳು. ಅಪ್ಪ ಮೇಷ್ಟ್ರಾಗಿದ್ದವನು. ಮೊಮ್ಮಗಳ ಹಾಗಿರೋ ಹುಡುಗಿ ಮುಂದೆ ಬಾಯಿ ಬರಲಿಲ್ಲ. "ಹಿಂಗೇ… ಕುಶಲ ಸಮಾಚಾರ" ಅಂದ. ನಾನೇ ಬಾಯಿಬಿಟ್ಟೆ. ಅವಳು ನಗಲಿಲ್ಲ, ಬರ್ಕೊಂಡಳು. "ಕೊನೆ ಸಾಲು ಅರ್ಧ ಹೇಳಿ ಬಿಟ್ಟುಬಿಡಿ. ಅವರ ಮುಖ ನೋಡಿ. ಹತ್ತು ಸೆಕೆಂಡಾದರೂ ಕಾಯಿರಿ, ನೀವೇ ತುಂಬಿಬಿಡಬೇಡಿ."

ಅಪ್ಪ ಗಂಟಲು ಸರಿಮಾಡಿಕೊಂಡ. "ಲೋ ಬೋಂಡ. ನಿನ್ ಮನೆ…"

ಹತ್ತು ಸೆಕೆಂಡು ಎಷ್ಟು ಉದ್ದ ಅಂತ ಒಮ್ಮೆ ಎಣಿಸಿ ನೋಡಿ. ಫ್ಯಾನ್ ಸದ್ದು ಕೇಳ್ತಿತ್ತು. ಮಾವನ ಎಡಗೈ ಕುರ್ಚಿ ಹಿಡಿಯನ್ನ ಹಿಡಿದುಕೊಂಡಿತು.

"…ಹಾಳಾಗ."

ಸ್ಪಷ್ಟ. ಹೋಟ್ಲಲ್ಲಿ ಹೇಳ್ತಿದ್ದ ಅದೇ ರಾಗ. ಅಪ್ಪ ಎದ್ದು ಹೊರಗೆ ಹೋದ, ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದ.

ಸಿನಿಮಾ ಆಗಿದ್ದರೆ ಇಲ್ಲಿಂದ ಮಾತು ಧಾರಾಕಾರ ಶುರುವಾಗಬೇಕಿತ್ತು. ಹಾಗಾಗಲಿಲ್ಲ. "ಹಾಳಾಗ" ಅಂತ ಹೇಳಿ ಅಂದರೆ ಮಾವನಿಗೆ ಇವತ್ತಿಗೂ ಆಗಲ್ಲ, ಅಪ್ಪ ಅರ್ಧ ಎಸೆದರೆ ಮಾತ್ರ ಬರುತ್ತೆ. ಇನ್ನೊಂದು ಪೇಚು, ಬಾಗಿಲು ತೆರೆದ ಮೇಲೆ ಅದು ಕರೆಯದೇ ಇದ್ದಾಗಲೂ ಬರತೊಡಗಿತು. ಸತ್ಯನಾರಾಯಣ ಪೂಜೆಯ ಪ್ರಸಾದ ಕೊಡೋಕೆ ಬಂದ ಪಕ್ಕದ ಮನೆಯಾಕೆಗೆ ಮಾವ ಸಂತೋಷದಿಂದ "ಹಾಳಾಗ" ಅಂದರು. ಹೇಳಬೇಕಾಗಿದ್ದದ್ದು ಥ್ಯಾಂಕ್ಸ್ ಅಂತ ಅವರ ಕಣ್ಣು ನೋಡಿದರೆ ಗೊತ್ತಾಗ್ತಿತ್ತು. ಆಕೆ ನೋಡಲಿಲ್ಲ. ಸೊಸೆ ಮೂರು ದಿನ ಅವರ ಮನೆಗೆ ಅಲೆದಳು. ಥೆರಪಿಸ್ಟ್ ಹೇಳಿದ್ದು, ಇದು ಭಾಷೆ ವಾಪಸ್ ಬಂದದ್ದಲ್ಲ, ಒಂದು ಕಿಂಡಿ. ಸದ್ದು ಹೊರಡಿಸೋ ಧೈರ್ಯ ಬಂತಲ್ಲ, ಅಷ್ಟು ಉಪಯೋಗ. ಪದಗಳನ್ನ ಒಂದೊಂದಾಗಿ ಬೇರೆ ದಾರಿಯಲ್ಲಿ ಕಟ್ಟಬೇಕು. ಎಂಟು ತಿಂಗಳಲ್ಲಿ ನೀರು, ಬೇಡ, ಕಾಫಿ, ನೋವು ಇಷ್ಟು ಬಂದಿವೆ. "ಹೂಂ", "ಊಹೂಂ" ಈಗಲೂ ಅದಲುಬದಲಾಗುತ್ತೆ, ಹಾಗಾಗಿ ಮನೆಯವರು ಕಾಫಿನಾ ಟೀನಾ ಅಂತ ಎರಡೂ ಲೋಟ ಎದುರಿಗಿಟ್ಟು ಬೆರಳು ತೋರಿಸೋಕೆ ಬಿಡ್ತಾರೆ.

ಹೋಟ್ಲು ಮತ್ತೆ ಶುರುವಾಗಿದೆ, ಆರೂವರೆ ಬದಲು ಎಂಟಕ್ಕೆ. ಅಪ್ಪ ಈಗ ಎರಡೂ ಪಾಲಿನ ಬೈಗುಳವನ್ನ ತಾನೇ ಬೈದು ಕೊನೆಯದೊಂದನ್ನ ಮಾವನಿಗೆ ಬಿಡ್ತಾನೆ. ಹೋಟ್ಲಿನ ಹುಡುಗನೂ ಅಷ್ಟು ಹೊತ್ತು ಬಿಲ್ ಕೊಡದೆ ಕಾಯೋದು ಕಲಿತಿದ್ದಾನೆ.

ಹೋದ ತಿಂಗಳು ಅಪ್ಪ ಬೆಂಗಳೂರಿಗೆ ಬಂದು ನಮ್ಮನೇಲಿ ಹತ್ತು ದಿನ ಇದ್ದ. ಬರೀ ಧ್ವನಿಯ ಫೋನು ಇಂಥವರಿಗೆ ಕಷ್ಟ, ಎದುರಿನವರ ತುಟಿ ಕಾಣಲ್ಲ. ಹಾಗಾಗಿ ವಿಡಿಯೋ ಕಾಲ್ ಹಾಕಿಕೊಟ್ಟೆ. ಆ ಕಡೆ ಸೊಸೆ ಫೋನ್ ಹಿಡಿದಿದ್ದಳು. ಅಪ್ಪ "ನಿನ್ ಮನೆ" ಅಂತ ಶುರುಮಾಡೋ ಮೊದಲೇ ಮಾವ ಕೈ ಎತ್ತಿ ತಡೆದರು. ಬಾಯಿ ತೆರೆದರು. ಮುಖ ಕೆಂಪಾಯಿತು. ನನಗೆ ಒಂಬತ್ತೂವರೆಗೆ ಮೀಟಿಂಗ್ ಇತ್ತು, ಲ್ಯಾಪ್‌ಟಾಪ್ ಮುಚ್ಚಿದೆ.

"ಕೊ… ಕೊ… ಕೊಕ್…"

ಇದು ಯಾರೂ ಅರ್ಧ ಎಸೆದು ಬಂದದ್ದಲ್ಲ. ಅಪ್ಪ ತುಂಬಿಕೊಡಲಿಲ್ಲ, ಕಾದ. ಮುಂದಿನದು ಬರಲಿಲ್ಲ. ಮಾವ ತಲೆ ಕೊಡವಿ, ಎಡಗೈಯನ್ನ ಕೊಕ್ಕಿನ ಹಾಗೆ ಮಾಡಿ ಕ್ಯಾಮೆರಾಗೆ ಕುಕ್ಕಿದರು.

"ಆಯ್ತು ಕಣ್ಲಾ, ಗೊತ್ತಾಯ್ತು" ಅಂದ ಅಪ್ಪ. "ಸೋಮವಾರ ಬತ್ತೀನಿ. ಅಲ್ಲೀಗಂಟ ಸಾಯಬ್ಯಾಡ."