ಅಂಗಡಿಯ ಹೆಸರೊಂದು, ಹಣ ಹೋದ ಹೆಸರಿನ್ನೊಂದು

ಊರಿಗೆ ಹೋಗಿ ಬಂದ ಸ್ನೇಹಿತರು ಈಗ ಮೊದಲು ಹೇಳುವುದು ಸೆಕೆಯ ಸುದ್ದಿಯೂ ಅಲ್ಲ, ಟ್ರಾಫಿಕ್ಕಿನ ಸುದ್ದಿಯೂ ಅಲ್ಲ. "ಎಳನೀರಿನ ಗಾಡಿಗೂ ಕ್ಯೂಆರ್ ಕೋಡ್ ಅಂಟಿಸಿದ್ದಾರೆ ಕಣ್ರೀ" ಎನ್ನುವುದೇ ಮೊದಲ ಮಾತು. 2023ರ ಜನವರಿಯಲ್ಲಿ ಎನ್‌ಪಿಸಿಐ ಸಂಸ್ಥೆ ಆಸ್ಟ್ರೇಲಿಯಾ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳನ್ನು ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಜೊತೆ ಯುಪಿಐಗೆ ಜೋಡಿಸಲು ಅವಕಾಶ ಕೊಟ್ಟಿತು. ಅಂದಿನಿಂದ ನಮ್ಮಲ್ಲೂ ಅನೇಕರು ಊರಿನ ಅಂಗಡಿಯಲ್ಲಿ ಜೇಬಿನಿಂದ ನೋಟು ತೆಗೆಯುವುದನ್ನೇ ಬಿಟ್ಟಿದ್ದಾರೆ. ಅನುಕೂಲವೇನೋ ಹೌದು. ಆದರೆ ಬೋರ್ಡಿನ ಮೇಲೆ ಒಂದು ಹೆಸರು, ಫೋನಿನ ಪರದೆಯ ಮೇಲೆ ಇನ್ನೊಂದು ಹೆಸರು ಕಂಡಾಗ ಏನು ಮಾಡಬೇಕು, ಹಣ ಹೋದ ಮೇಲೆ ಯಾರನ್ನು ಕೇಳಬೇಕು ಎಂಬುದು ಬಹಳ ಜನರಿಗೆ ಸ್ಪಷ್ಟವಿಲ್ಲ. ನಾನು ವೈದ್ಯ, ಬ್ಯಾಂಕಿನವನಲ್ಲ. ಆದರೆ ಮೈಸೂರಿನಲ್ಲಿರುವ ನನ್ನ ಮಾವನವರಿಗೆ ಆದ ಒಂದು ಪ್ರಸಂಗದಿಂದ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳಬೇಕಾಯಿತು.

ಮೊದಲಿಗೆ ಆ ಚೌಕದೊಳಗೆ ಏನಿದೆ ಎಂದು ನೋಡೋಣ. ಕಪ್ಪು ಬಿಳುಪು ಚುಕ್ಕೆಗಳಲ್ಲಿ ಅಡಗಿರುವುದು ಹೆಚ್ಚುಕಡಿಮೆ ಇಂಥ ಒಂದು ಸಾಲು:

```
upi://pay?pa=angadi@bank&pn=Sri%20Ganesh%20Stores
```

ಇದರಲ್ಲಿ `pa` ಎಂದರೆ ಹಣ ಸೇರಬೇಕಾದ ವಿಳಾಸ, `pn` ಎಂದರೆ ಹೆಸರು. ಹಣ ಹೋಗುವುದು ವಿಳಾಸಕ್ಕೆ. ಹೆಸರು ಬರೀ ಚೀಟಿ ಇದ್ದ ಹಾಗೆ, ಕೋಡ್ ತಯಾರಿಸುವವರು ಅಲ್ಲಿ ಏನನ್ನು ಬೇಕಾದರೂ ಬರೆಯಬಹುದು. ಹಿಂದೆ ಕೆಲವು ಆ್ಯಪ್‌ಗಳು ಈ ಚೀಟಿಯ ಹೆಸರನ್ನೇ ತೋರಿಸುತ್ತಿದ್ದವು. 2025ರ ಏಪ್ರಿಲ್‌ನಲ್ಲಿ ಎನ್‌ಪಿಸಿಐ ಒಂದು ಸುತ್ತೋಲೆ ಹೊರಡಿಸಿತು. ವ್ಯಕ್ತಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ಹಣ ಕಳಿಸುವಾಗ ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರನ್ನೇ ತೋರಿಸಬೇಕು, ಕೋಡಿನಿಂದ ತೆಗೆದ ಹೆಸರನ್ನು ತೋರಿಸಕೂಡದು ಎಂದು ಅದು ಹೇಳಿತು. ಇದಕ್ಕೆ ಕೊಟ್ಟ ಗಡುವು ಅದೇ ವರ್ಷದ ಜೂನ್ 30. ಹಾಗಾಗಿ ಈಗ ಪರದೆಯ ಮೇಲೆ ಕಾಣುವ ಹೆಸರಿಗೆ ಮೊದಲಿಗಿಂತ ಹೆಚ್ಚು ಬೆಲೆಯಿದೆ.

ಇದರಿಂದ ಒಂದು ತಮಾಷೆಯೂ ಆಯಿತು. ಬೋರ್ಡಿನಲ್ಲಿ "ಶ್ರೀ ಗಣೇಶ ಸ್ಟೋರ್ಸ್" ಇದ್ದರೂ ಪರದೆಯಲ್ಲಿ ಮಾಲೀಕರ ಹೆಸರೋ ಅವರ ಹೆಂಡತಿಯ ಹೆಸರೋ ಬರುತ್ತದೆ, ಏಕೆಂದರೆ ಖಾತೆ ಇರುವುದು ಅವರ ಹೆಸರಿನಲ್ಲಿ. ಆದ್ದರಿಂದ ಹೆಸರು ಬೇರೆಯಾದ ಮಾತ್ರಕ್ಕೆ ಮೋಸ ಎನ್ನಲಾಗದು. ಆದರೆ ಮೋಸ ನಡೆದಾಗ ಹೊರಗೆ ಕಾಣುವ ಲಕ್ಷಣ ಇದೊಂದೇ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಕೆಲವು ಅಂಗಡಿಗಳ ಮತ್ತು ಒಂದು ಪೆಟ್ರೋಲ್ ಬಂಕಿನ ಕೋಡ್‌ಗಳ ಮೇಲೆ ಯಾರೋ ತಮ್ಮ ಕೋಡ್ ಅಂಟಿಸಿ ಹೋದರು. ಅಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಅದು ಬಯಲಾದದ್ದು, ಹೆಸರು ಬೇರೆ ಬರುತ್ತಿದೆಯಲ್ಲ ಎಂದು ಗ್ರಾಹಕರೊಬ್ಬರು ಹೇಳಿದ್ದರಿಂದ. ನಮ್ಮ ಮಂಗಳೂರಿನ ಬಂಗ್ರಕೂಳೂರಿನ ಒಂದು ಪೆಟ್ರೋಲ್ ಬಂಕಿನ ಪ್ರಕರಣ ಇನ್ನೂ ದೊಡ್ಡದು. ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ ಅಲ್ಲಿನ ನೌಕರನೊಬ್ಬ ಬಂಕಿನ ಕೋಡ್ ತೆಗೆದು ತನ್ನ ಸ್ವಂತ ಕೋಡ್ ಇಟ್ಟಿದ್ದ. 2020ರ ಮಾರ್ಚ್‌ನಿಂದ 2023ರ ಜುಲೈವರೆಗೆ ಸುಮಾರು 58 ಲಕ್ಷ ರೂಪಾಯಿ ಹೀಗೆ ಬೇರೆ ಖಾತೆಗೆ ಹೋಯಿತಂತೆ. ಪೆಟ್ರೋಲ್ ಸಿಕ್ಕಿದ ಗ್ರಾಹಕರಿಗೆ ನಷ್ಟವಿರಲಿಲ್ಲ, ಕೇಳುವ ಅಗತ್ಯವೂ ಬರಲಿಲ್ಲ.

ಇನ್ನು ಮಾವನವರ ಪ್ರಸಂಗ. ಎಪ್ಪತ್ತೆಂಟರ ನಿವೃತ್ತ ಮೇಷ್ಟ್ರು, ಪ್ರತಿ ಪೈಸೆಯ ಲೆಕ್ಕ ಬರೆದಿಡುವವರು. ತಿಂಗಳ ದಿನಸಿಗೆಂದು ಪರಿಚಯದ ಅಂಗಡಿಗೆ ಬೆಳಗ್ಗೆ ಹೋಗಿ 3,640 ರೂಪಾಯಿ ಕೊಡಲು ಸ್ಕ್ಯಾನ್ ಮಾಡಿದರು. ಅಪರಿಚಿತ ಹೆಸರು ಬಂತು. "ಇದು ನಿಮ್ಮ ಯಜಮಾನರ ಹೆಸರೇನಪ್ಪಾ?" ಎಂದು ಓದಿ ಹೇಳಿದರು. ಕೆಲಸದ ಹುಡುಗ ತೂಕ ಹಾಕುತ್ತಲೇ "ಹೂಂ ಸಾರ್" ಎಂದ. ಪಿನ್ ಒತ್ತಿದರು, ಹಣ ಹೋಯಿತು. ಆದರೆ ಹಣ ಬಂತೆಂದು ಕೂಗಬೇಕಾದ ಸೌಂಡ್‌ಬಾಕ್ಸ್ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಬಂದ ಮಾಲೀಕರು ಕೋಡಿನ ಮೂಲೆಯನ್ನು ಉಗುರಿನಿಂದ ಎತ್ತಿ ನೋಡಿದರೆ ಅಡಿಯಲ್ಲಿ ಅವರ ಹಳೆಯ ಕೋಡ್!

ಇಲ್ಲಿ ನಮ್ಮ ವೃತ್ತಿಯ ಒಂದು ಪದ್ಧತಿ ನೆನಪಾಗುತ್ತದೆ. ರಕ್ತ ಕೊಡುವ ಮುನ್ನ ರೋಗಿಯನ್ನು "ನೀವು ರಾಮಣ್ಣನವರಾ?" ಎಂದು ನಾವು ಕೇಳುವುದಿಲ್ಲ. ನಿದ್ದೆಗಣ್ಣಿನಲ್ಲಿರುವವರು, ಕಿವಿ ಮಂದವಾದವರು ಯಾವ ಹೆಸರಿಗೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರು ಹೇಳಿ" ಎಂದು ಕೇಳಿ, ಅವರು ಹೇಳಿದ್ದನ್ನು ಕೈಪಟ್ಟಿಯ ಜೊತೆ ತಾಳೆ ನೋಡುತ್ತೇವೆ. ಅಂಗಡಿಯಲ್ಲೂ ಅಷ್ಟೇ. ಪರದೆಯ ಹೆಸರನ್ನು ನಾವೇ ಓದಿ ಹೇಳಬಾರದು. "ಯಾರ ಹೆಸರು ಬರಬೇಕು?" ಎಂದು ಕೇಳಿ, ಉತ್ತರ ಪರದೆಯ ಹೆಸರಿಗೆ ಹೊಂದಿದರೆ ಮಾತ್ರ ಪಿನ್ ಒತ್ತಬೇಕು. ಹುಡುಗನಿಗೆ ಗೊತ್ತಿಲ್ಲದಿದ್ದರೆ ಮಾಲೀಕರು ಬರುವವರೆಗೆ ಕಾಯಬೇಕು, ಇಲ್ಲವೇ ನಗದು ಕೊಡಬೇಕು.

ಪಿನ್ ಒತ್ತಿದ ಮೇಲೆ ದಾರಿ ಯಾಕೆ ಕಠಿಣವಾಗುತ್ತದೆ ಎಂಬುದನ್ನೂ ತಿಳಿಯಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಯಾರೋ ನಮ್ಮ ಖಾತೆಯಿಂದ ಹಣ ತೆಗೆದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಆದರೆ ಆ ರಕ್ಷಣೆ ನಮ್ಮ ಅನುಮತಿಯಿಲ್ಲದೆ ಹೋದ ಹಣಕ್ಕೆ. ನಾವೇ ಪಿನ್ ಒತ್ತಿ ಕಳಿಸಿದ್ದನ್ನು ಬ್ಯಾಂಕು ಅನುಮತಿಸಿದ ಪಾವತಿ ಎಂದೇ ಎಣಿಸುತ್ತದೆ. ಹಾಗಾಗಿ ಹಣ ಆ ಖಾತೆಯಿಂದ ಮುಂದೆ ಹೋಗುವ ಮೊದಲೇ ಅದನ್ನು ಹಿಡಿಯುವುದೊಂದೇ ಉಪಾಯ. ಹೃದಯಾಘಾತದಲ್ಲಿ ಮೊದಲ ಗಂಟೆಗೆ ಎಷ್ಟು ಬೆಲೆಯೋ ಇಲ್ಲೂ ಅಷ್ಟೇ ಬೆಲೆ.

ಮಾವನವರು ನನಗೆ ಫೋನ್ ಮಾಡಿದಾಗ ಇಲ್ಲಿ ಸಂಜೆಯಾಗಿತ್ತು. ಅವರ ದನಿಯಲ್ಲಿ ಹಣಕ್ಕಿಂತ ಅವಮಾನದ ಚಿಂತೆಯೇ ಹೆಚ್ಚಿತ್ತು. ಅವರ ನೆರೆಮನೆಯ ಹುಡುಗ ಜಾಣ, ಅಷ್ಟರಲ್ಲೇ 1930ಕ್ಕೆ ಕರೆ ಮಾಡಿಸಿದ್ದ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಭಾರತದೊಳಗಿನ ಕಿರುಸಂಖ್ಯೆಯಾದ್ದರಿಂದ ಕರೆಯನ್ನು ಅಲ್ಲಿರುವವರೇ ಮಾಡುವುದು ಒಳ್ಳೆಯದು. ಅಲ್ಲಿ ಕೇಳಿದ್ದು ಬ್ಯಾಂಕಿನ ಹೆಸರು, ಮೊತ್ತ, ಸಮಯ, ಹಣ ಹೋದ ಯುಪಿಐ ವಿಳಾಸ, ಮತ್ತು ಮುಖ್ಯವಾಗಿ ಪಾವತಿಯ 12 ಅಂಕಿಯ ಯುಟಿಆರ್ ಸಂಖ್ಯೆ. ಆ್ಯಪ್‌ನ ಪಾವತಿ ವಿವರ ತೆರೆದರೆ ಆ ಸಂಖ್ಯೆ ಸಿಗುತ್ತದೆ. ಕರೆಯ ನಂತರ ಸಿಕ್ಕ ಸ್ವೀಕೃತಿ ಸಂಖ್ಯೆ ಹಿಡಿದು `cybercrime.gov.in` ತಾಣದಲ್ಲಿ ದೂರು ಪೂರ್ತಿ ಮಾಡಿದರು. ಪರದೆಯ ಚಿತ್ರ, ಅಂಗಡಿಯ ಬಿಲ್ಲು, ಸುಲಿದು ತೆಗೆದ ಕೋಡಿನ ಫೋಟೋ ಎಲ್ಲವನ್ನೂ ಸೇರಿಸಿದರು. ಅದೇ ದಿನ ಬ್ಯಾಂಕಿಗೂ ಲಿಖಿತ ದೂರು ಕೊಟ್ಟರು. ಮಾಲೀಕರು ತಮ್ಮ ಪರವಾಗಿ ಪ್ರತ್ಯೇಕ ದೂರು ಕೊಟ್ಟರು, ಯಾಕೆಂದರೆ ಆ ಬೆಳಗ್ಗೆ ಬೇರೆ ಗ್ರಾಹಕರ ಹಣವೂ ಅದೇ ದಾರಿ ಹಿಡಿದಿತ್ತು.

ಫಲ ಅರ್ಧಂಬರ್ಧ. ಹಣ ತಲುಪಿದ ಖಾತೆಯಲ್ಲಿ ಇನ್ನೂ ಉಳಿದಿದ್ದ 2,100 ರೂಪಾಯಿಯನ್ನು ಬ್ಯಾಂಕು ತಡೆಹಿಡಿಯಿತು. ಮಿಕ್ಕ 1,540 ರೂಪಾಯಿ ಆಗಲೇ ಎಟಿಎಂ ದಾಟಿತ್ತು. ತಡೆಹಿಡಿದದ್ದೂ ತಾನಾಗಿ ವಾಪಸು ಬರುವುದಿಲ್ಲ. ಪೊಲೀಸರ ವರದಿ, ಹಲವು ಬಾರಿ ನ್ಯಾಯಾಲಯದ ಆದೇಶವೂ ಬೇಕಾಗುತ್ತದೆ. ಮಾವನವರಿಗೆ ಅದು ಸಿಗಲು ನಾಲ್ಕು ತಿಂಗಳು ಹಿಡಿಯಿತು.

ಈ ನಡುವೆ ಕಷ್ಟದ ಪ್ರಶ್ನೆಯೊಂದಿತ್ತು, ದಿನಸಿಯ ದುಡ್ಡು ಯಾರು ಕೊಡಬೇಕು? ಮಾಲೀಕರ ಕೈಗೆ ಹಣ ಬಂದಿಲ್ಲ, ಮಾವನವರ ಖಾತೆಯಿಂದ ಹೋಗಿದೆ. ಅಂಗಡಿಯೇ ತನ್ನ ಗಲ್ಲಾಪೆಟ್ಟಿಗೆಯ ಮುಂದೆ ಇಟ್ಟ ಕೋಡಿಗೆ, ಅಂಗಡಿಯ ಹುಡುಗ ಹೌದೆಂದ ಮೇಲೆ ಕಟ್ಟಿದ ಹಣ ಅದು. ಹಾಗಾಗಿ ಗ್ರಾಹಕರ ವಾದಕ್ಕೇ ಬಲ ಹೆಚ್ಚು. ಮಾಲೀಕರು ಅದನ್ನು ಒಪ್ಪಿ ಎರಡನೇ ಸಲ ಹಣ ಕೇಳಲಿಲ್ಲ. ಹಾಗೆ ಒಪ್ಪಿದ ಮೇಲೆ ನಷ್ಟ ಅಂಗಡಿಯದಾಯಿತು, ಹಿಂತಿರುಗಿ ಬಂದ ಹಣವೂ ಅಂಗಡಿಗೇ ಸೇರಬೇಕಾದದ್ದು. ಮಾವನವರು 2,100 ರೂಪಾಯಿಯನ್ನು ಲಕೋಟೆಯಲ್ಲಿಟ್ಟು ಅವರಿಗೇ ಕೊಟ್ಟು ಬಂದರು.

ಮೋಸವಿಲ್ಲದ ಸಂದರ್ಭಕ್ಕೆ ದಾರಿ ಬೇರೆ. ಹಣ ಮಾಲೀಕರ ಮನೆಯವರ ಖಾತೆಗೇ ಹೋಗಿದ್ದರೆ ಬಿಲ್ಲಿನ ಮೇಲೆ ಯುಟಿಆರ್ ಸಂಖ್ಯೆ ಬರೆಸಿಕೊಂಡರೆ ಸಾಕು. ನಾಳೆ ಸಾಮಾನು ಹಿಂದಿರುಗಿಸಬೇಕಾದರೆ ಅದೇ ಸಾಕ್ಷಿ. ಕೈತಪ್ಪಿ ಸಂಬಂಧವಿಲ್ಲದವರಿಗೆ ಹೋಗಿದ್ದರೆ ಆ್ಯಪ್‌ನಲ್ಲೂ ಬ್ಯಾಂಕಿನಲ್ಲೂ ದೂರು ಕೊಡಬೇಕು. ಬ್ಯಾಂಕು ಆ ಕಡೆಯ ಬ್ಯಾಂಕಿನ ಮೂಲಕ ಅವರನ್ನು ಕೇಳುತ್ತದೆ, ಆದರೆ ಅವರ ಒಪ್ಪಿಗೆಯಿಲ್ಲದೆ ಹಣವನ್ನು ಸುಮ್ಮನೆ ಎಳೆದುಕೊಳ್ಳುವುದಿಲ್ಲ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಇಲ್ಲಿಂದ ನಾವೂ ಬರೆಯಬಹುದಾದ ದೂರು ಅದು.

ನಾವಿರುವ ಡಾಕ್‌ಲ್ಯಾಂಡ್ಸ್‌ನಲ್ಲಿ ಕಥೆ ಸ್ವಲ್ಪ ಬೇರೆ. ಇಲ್ಲಿನ ಕೆಫೆಯ ಮೇಜಿನ ಮೇಲಿನ ಕೋಡ್ ಸಾಮಾನ್ಯವಾಗಿ ಒಂದು ವೆಬ್ ಪುಟಕ್ಕೆ ಕರೆದೊಯ್ಯುತ್ತದೆ, ನಾವು ಕಾರ್ಡಿನಿಂದ ಕಟ್ಟುತ್ತೇವೆ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕೇಳರಿಯದ ಕಂಪನಿಯ ಹೆಸರು! ಗಾಬರಿಯಾಗುವ ಮೊದಲು ರಸೀದಿಯಲ್ಲಿರುವ ಎಬಿಎನ್ ಸಂಖ್ಯೆಯನ್ನು `abr.business.gov.au` ತಾಣದಲ್ಲಿ ಹಾಕಿ ನೋಡಿ. ಕಂಪನಿಯ ಹೆಸರೂ ಅದು ನಡೆಸುವ ಅಂಗಡಿಯ ಹೆಸರೂ ಅಲ್ಲಿ ಒಟ್ಟಿಗೆ ಸಿಗಬಹುದು. ನಿಜಕ್ಕೂ ನಕಲಿ ಪುಟವಾಗಿದ್ದರೆ ತಕ್ಷಣ ಬ್ಯಾಂಕಿಗೆ ಹೇಳಿ ಕಾರ್ಡನ್ನು ನಿಲ್ಲಿಸಬೇಕು, ಏಕೆಂದರೆ ಆ ಕಳ್ಳರ ಬಳಿ ಈಗ ಕಾರ್ಡಿನ ಅಂಕಿಗಳೂ ಇವೆ. ಜೊತೆಗೆ ಚಾರ್ಜ್‌ಬ್ಯಾಕ್ ಕೇಳಬೇಕು. ಕಾರ್ಡಿಗಿರುವ ಈ ಅನುಕೂಲ ಪೇಐಡಿ ಮೂಲಕವೋ ಖಾತೆಯಿಂದ ಖಾತೆಗೋ ಕಳಿಸಿದ ಹಣಕ್ಕಿಲ್ಲ. ನಾವೇ ಅಂಕಿ ತಪ್ಪಿ ಬೇರೆಯವರಿಗೆ ಕಳಿಸಿದ್ದಾದರೆ ಹತ್ತು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಇ-ಪೇಮೆಂಟ್ಸ್ ಕೋಡ್ ಹೆಚ್ಚು ನೆರವಾಗುತ್ತದೆ. ಮೋಸಕ್ಕೆ ಸಿಕ್ಕಿ ಕಳಿಸಿದ ಹಣ ಆ ನಿಯಮದೊಳಗೆ ಬರುವುದಿಲ್ಲ. ಬ್ಯಾಂಕಿನ ಉತ್ತರ ಒಪ್ಪಿಗೆಯಾಗದಿದ್ದರೆ ಇಲ್ಲೂ ಶುಲ್ಕವಿಲ್ಲದ ಆಫ್ಕಾ ಇದೆ. ಅಲ್ಲಿಗೆ ಹೋಗಬೇಕಾದರೂ ಕೈಯಲ್ಲಿ ಇರಬೇಕಾದದ್ದು ಅವೇ ಮೂರು: ಪಾವತಿಯ ಸಂಖ್ಯೆ, ಪರದೆಯ ಚಿತ್ರ, ಬ್ಯಾಂಕಿಗೆ ಮೊದಲು ತಿಳಿಸಿದ ಹೊತ್ತು.